ಗೃಹಲಕ್ಷ್ಮಿ ಷರತ್ತನ್ನು ಸರಳ ಕನ್ನಡಕ್ಕೆ ತಂದರೆ ಏನು ಉಳಿಯಬೇಕು, ಏನು ಹೋಗಬಹುದು?

ಗೃಹಲಕ್ಷ್ಮಿ ಹಣ ಬರುತ್ತಿದ್ದವರಿಗೆ ಇದ್ದಕ್ಕಿದ್ದಂತೆ ನಿಂತುಹೋಯಿತು ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಕಚೇರಿಗೆ ಹೋಗಿ ಕೇಳಿದರೆ "ನಿಮ್ಮ ಹೆಸರು ತೆರಿಗೆ ಪಟ್ಟಿಯಲ್ಲಿದೆ" ಎಂಬ ಉತ್ತರ. "ನಾವು ಯಾವ ತೆರಿಗೆಯನ್ನೂ ಕಟ್ಟಿಲ್ಲವಲ್ಲ" ಎಂಬುದು ಹಣ ನಿಂತವರ ಮಾತು. ಇಬ್ಬರೂ ನಂಬಿಕೊಂಡಿರುವುದು ಒಂದೇ ಸರ್ಕಾರಿ ಷರತ್ತನ್ನು: ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾದರೆ ಗೃಹಲಕ್ಷ್ಮಿಗೆ ಅರ್ಹತೆ ಇಲ್ಲ. ಆದರೆ ಒಬ್ಬೊಬ್ಬರು ಒಂದೊಂದು ರೀತಿ ಓದಿಕೊಂಡಿದ್ದಾರೆ.

ಇಂಥ ಗೊಂದಲ ಬಂದಾಗಲೆಲ್ಲ ಒಂದು ಬೇಡಿಕೆ ಏಳುತ್ತದೆ: ಸರ್ಕಾರಿ ಆದೇಶಗಳನ್ನು ಜನರ ಕನ್ನಡದಲ್ಲಿ ಬರೆಯಿರಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಅವಸರದಲ್ಲಿ ಸರಳ ಮಾಡಿದ ವಾಕ್ಯ ಓದಲು ಸುಲಭವಾಗಿ, ಅರ್ಥದಲ್ಲಿ ಬೇರೆಯೇ ಆಗಿಬಿಡಬಹುದು. ಆಗ ಹೊಸದೊಂದು ಗೊಂದಲ ಶುರು. ಹಾಗಾಗದಂತೆ ಒಂದು ಆದೇಶವನ್ನು ಸರಳ ಮಾಡುವುದು ಹೇಗೆ ಎಂಬುದನ್ನು ಈ ಒಂದೇ ಷರತ್ತನ್ನು ಹಿಡಿದು ನೋಡೋಣ.

ಆದೇಶದಲ್ಲಿ ಏನೇನಿರುತ್ತದೆ

ಕರ್ನಾಟಕ ಸರ್ಕಾರದ ಆದೇಶಕ್ಕೆ ಒಂದು ಗಟ್ಟಿ ಚೌಕಟ್ಟಿದೆ. ಮೇಲೆ "ಕರ್ನಾಟಕ ಸರ್ಕಾರದ ನಡವಳಿಗಳು" ಎಂಬ ತಲೆಬರಹ. ಆಮೇಲೆ ವಿಷಯ. ಅದರ ಕೆಳಗೆ "ಓದಲಾಗಿದೆ" ಎಂದು ಹಳೆಯ ಆದೇಶ, ಪತ್ರಗಳ ಪಟ್ಟಿ. ನಂತರ ಪ್ರಸ್ತಾವನೆ, ಅಂದರೆ ಈ ಆದೇಶ ಯಾಕೆ ಬೇಕಾಯಿತು ಎಂಬ ವಿವರ. ಆಮೇಲೆ ಆದೇಶ ಸಂಖ್ಯೆ, ದಿನಾಂಕ ಮತ್ತು ನಿಜವಾದ ಆದೇಶದ ಮಾತು. ಕೊನೆಗೆ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಸಾಲು, ಅದರ ಕೆಳಗೆ ಅಧಿಕಾರಿಯ ಸಹಿ.

ಈ ಕೊನೆಯ ಸಾಲು ಸುಮ್ನೆ ಶಿಷ್ಟಾಚಾರಕ್ಕೆ ಹಾಕಿದ್ದಲ್ಲ. ಸರ್ಕಾರದ ಆಡಳಿತ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲೇ ಹೊರಡಬೇಕು ಎಂದು ಸಂವಿಧಾನದ 166ನೇ ವಿಧಿ ಹೇಳುತ್ತದೆ. ಹಾಗೆ ಹೊರಟು, ಸೇರಬೇಕಾದವರಿಗೆ ಸೇರಿದಾಗಲೇ ಅದು ಸರ್ಕಾರದ ಆದೇಶ. ಮಂತ್ರಿಗಳು ಕಡತದಲ್ಲಿ ಬರೆದ ಟಿಪ್ಪಣಿಗೆ ಆ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ಬಚ್ಚಿತ್ತರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಪತ್ರಿಕಾ ಪ್ರಕಟಣೆ, ಭಾಷಣ, ವಾಟ್ಸಾಪ್‌ನಲ್ಲಿ ಓಡಾಡುವ ಪೋಸ್ಟರ್ ಇವೂ ಅಷ್ಟೇ.

ಹಾಗಾಗಿ ಸರಳ ಮಾಡುವ ಕೆಲಸಕ್ಕೆ ಮೊದಲ ಗೆರೆ ಇಲ್ಲೇ ಬೀಳುತ್ತದೆ. ಸಂಖ್ಯೆ, ದಿನಾಂಕ, ಓದಲಾದ ಪಟ್ಟಿ, ಆರ್ಥಿಕ ಇಲಾಖೆ ಸಹಮತಿ ಕೊಟ್ಟ ಉಲ್ಲೇಖ, ರಾಜ್ಯಪಾಲರ ಹೆಸರಿನ ಸಾಲು ಇವನ್ನು ಮುಟ್ಟಬೇಕಾಗಿಲ್ಲ. ಇವನ್ನು ಓದುವವರು ಖಜಾನೆ, ಲೆಕ್ಕಪರಿಶೋಧಕರು, ವಕೀಲರು. ಜನರಿಗೆ ಬೇಕಾದದ್ದು ನಡುವಿನ ಭಾಗ: ಯಾರಿಗೆ, ಏನು, ಯಾವ ಷರತ್ತಿಗೆ, ಯಾವಾಗಿನಿಂದ.

ಬಿಗಿಯಾಗಿ ಕಾಣುವ ಮಾತೆಲ್ಲ ಬಿಗಿಯಲ್ಲ

ಗೃಹಲಕ್ಷ್ಮಿಯ ಮುಖ್ಯ ಷರತ್ತುಗಳನ್ನು ಕಚೇರಿ ಕನ್ನಡದಲ್ಲಿ ಬರೆದರೆ ಹೆಚ್ಚುಕಡಿಮೆ ಹೀಗಿರುತ್ತದೆ. ಇದು ಆದೇಶದ ಅಕ್ಷರಶಃ ಪ್ರತಿಯಲ್ಲ. ವಿವರಿಸುವುದಕ್ಕೆಂದು ಆ ಶೈಲಿಯಲ್ಲಿ ಹೆಣೆದ ಮಾದರಿ ವಾಕ್ಯ:

> ಅಂತ್ಯೋದಯ, ಬಿ.ಪಿ.ಎಲ್. ಹಾಗೂ ಎ.ಪಿ.ಎಲ್. ಪಡಿತರ ಚೀಟಿಗಳಲ್ಲಿ ಕುಟುಂಬದ ಯಜಮಾನಿಯೆಂದು ನಮೂದಿಸಲ್ಪಟ್ಟಿರುವ ಮಹಿಳೆಯು ಸದರಿ ಯೋಜನೆಯಡಿ ಮಾಹೆಯಾನ ರೂ. 2,000/-ಗಳ ಆರ್ಥಿಕ ನೆರವನ್ನು ಪಡೆಯಲು ಅರ್ಹಳಾಗಿದ್ದು, ಸದರಿ ಯಜಮಾನಿ ಅಥವಾ ಆಕೆಯ ಪತಿಯು ಆದಾಯ ತೆರಿಗೆ ಪಾವತಿದಾರರಾಗಿದ್ದಲ್ಲಿ ಅಥವಾ ಜಿ.ಎಸ್.ಟಿ. ರಿಟರ್ನ್ಸ್ ಸಲ್ಲಿಸುವವರಾಗಿದ್ದಲ್ಲಿ ಸದರಿ ಪ್ರಯೋಜನಕ್ಕೆ ಅರ್ಹರಾಗಿರತಕ್ಕದ್ದಲ್ಲ ಹಾಗೂ ಒಂದು ಕುಟುಂಬದಲ್ಲಿ ಒಂದಕ್ಕಿಂತ ಹೆಚ್ಚು ಮಹಿಳೆಯರಿದ್ದಲ್ಲಿ ಓರ್ವ ಮಹಿಳೆಗೆ ಮಾತ್ರ ಸದರಿ ಪ್ರಯೋಜನವು ಅನ್ವಯವಾಗತಕ್ಕದ್ದು.

ಒಂದೇ ವಾಕ್ಯ. ಉಸಿರು ಬಿಡಲು ಜಾಗವಿಲ್ಲ. ಆದರೆ ಇದರಲ್ಲಿ ಕಾನೂನಿನ ಭಾರ ಹೊತ್ತಿರುವ ಮಾತುಗಳು ಕೆಲವೇ.

"ಸದರಿ" ನಾಲ್ಕು ಸಲ ಬಂದಿದೆ. ತೆಗೆದುಹಾಕಿದರೆ ಏನೂ ಕಳೆದುಹೋಗುವುದಿಲ್ಲ. ಇಲ್ಲಿರುವುದು ಒಂದೇ ಯೋಜನೆ, ಒಬ್ಬಳೇ ಯಜಮಾನಿ. "ಮಾಹೆಯಾನ" ಎಂದರೆ ಪ್ರತಿ ತಿಂಗಳು. "ನಮೂದಿಸಲ್ಪಟ್ಟಿರುವ" ಎಂದರೆ ಹೆಸರು ಬರೆದಿರುವ. "ಪಡಿತರ ಚೀಟಿ" ಎಂದರೆ ಜನ ಹೇಳುವ ರೇಷನ್ ಕಾರ್ಡ್. ಇವು ಕಿವಿಗೆ ಬಿಗಿ, ಅರ್ಥದಲ್ಲಿ ಮಾಮೂಲಿ. ಧೈರ್ಯವಾಗಿ ಬದಲಾಯಿಸಬಹುದು.

ಇನ್ನು ಕೆಲವು ಮಾತುಗಳು ನೋಡಲು ಮಾಮೂಲಿ, ಆದರೆ ಇಡೀ ಷರತ್ತು ನಿಂತಿರುವುದೇ ಅವುಗಳ ಮೇಲೆ. "ಯಜಮಾನಿ", "ಅಥವಾ", "ಪತಿ", "ಪಾವತಿದಾರ", "ಸಲ್ಲಿಸುವವರು", "ಮಾತ್ರ". ತೊಂದರೆ ಏನೆಂದರೆ, ಸರಳ ಮಾಡುವವರು ಮೊದಲು ಕೈ ಹಾಕುವುದು "ಸದರಿ"ಗೆ. ಆಮೇಲೆ ಅದೇ ಹುರುಪಿನಲ್ಲಿ ಇವಕ್ಕೂ ಕೈ ಹಾಕುತ್ತಾರೆ.

"ಯಜಮಾನಿ" ಎಂಬುದನ್ನೇ ನೋಡಿ. "ಮನೆ ನಡೆಸುವ ಹೆಣ್ಣುಮಗಳು" ಎಂದರೆ ಎಷ್ಟು ಚೆನ್ನಾಗಿದೆ ಅನಿಸಬಹುದು. ಆದರೆ ಇಲ್ಲಿ ಯಜಮಾನಿ ಎಂದರೆ ಮನೆ ನಡೆಸುವವಳಲ್ಲ, ಕಾರ್ಡಿನಲ್ಲಿ ಹಾಗೆ ಹೆಸರಿರುವವಳು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯ ಕೆಳಗೆ ಬರುವ ಅರ್ಹ ಕುಟುಂಬಗಳಲ್ಲಿ 18 ತುಂಬಿದ ಹೆಂಗಸರ ಪೈಕಿ ಹಿರಿಯವರೇ ಕಾರ್ಡಿನ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಸೊಸೆ ದುಡಿದು ಮನೆ ಸಾಗಿಸುತ್ತಿದ್ದರೂ ಕಾರ್ಡಿನಲ್ಲಿ ಯಜಮಾನಿ ಅತ್ತೆಯೇ ಆಗಿರಬಹುದು. "ಮನೆ ನಡೆಸುವವಳು" ಎಂದು ಬರೆದ ಕೂಡಲೇ ಹಣದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಿಡುತ್ತದೆ. ಆದ್ದರಿಂದ "ಯಜಮಾನಿ" ಉಳಿಯಬೇಕು, ಜೊತೆಗೆ "ರೇಷನ್ ಕಾರ್ಡಿನಲ್ಲಿ ಹಾಗೆ ಹೆಸರಿರಬೇಕು" ಎಂಬುದೂ ಉಳಿಯಬೇಕು.

"ಅಥವಾ" ಎಲ್ಲಿ ಕೈಕೊಡುತ್ತದೆ

ಜಾಸ್ತಿ ಅನಾಹುತ ಆಗುವುದು ಇಲ್ಲಿ. ಷರತ್ತು ಹೇಳುವುದು: ಯಜಮಾನಿ ಅಥವಾ ಪತಿ ತೆರಿಗೆ ಕಟ್ಟುವವರಾದರೆ ಅರ್ಹತೆ ಇಲ್ಲ. ಅಂದರೆ ಇಬ್ಬರಲ್ಲಿ ಒಬ್ಬರು ಕಟ್ಟುತ್ತಿದ್ದರೂ ಸಾಕು, ಬಾಗಿಲು ಮುಚ್ಚಿತು.

ಇದನ್ನು ಪೋಸ್ಟರಿಗೆ ಹಾಕುವವರು ಇಲ್ಲ ಎನ್ನುವ ಮಾತನ್ನು ಬಿಟ್ಟು, ಉಂಟು ಎನ್ನುವ ರೀತಿಯಲ್ಲಿ ಬರೆಯಲು ಹೋಗುತ್ತಾರೆ. "ನೀವು ಅಥವಾ ನಿಮ್ಮ ಪತಿ ತೆರಿಗೆ ಕಟ್ಟದಿದ್ದರೆ ನಿಮಗೆ 2,000 ರೂಪಾಯಿ ಸಿಗುತ್ತದೆ." ಓದಲು ಸಲೀಸಾಗಿದೆ. ಆದರೆ ಅರ್ಥ ಉಲ್ಟಾ ಆಗಿದೆ. ಗಂಡ ತೆರಿಗೆ ಕಟ್ಟುತ್ತಾನೆ, ಹೆಂಡತಿ ಕಟ್ಟುವುದಿಲ್ಲ ಎಂದುಕೊಳ್ಳಿ. ಈ ವಾಕ್ಯದ ಪ್ರಕಾರ "ನೀವು ಅಥವಾ ಪತಿ ಕಟ್ಟದಿದ್ದರೆ" ಎಂಬುದು ಪೂರೈಸಿತು, ಯಾಕೆಂದರೆ ಹೆಂಡತಿ ಕಟ್ಟುತ್ತಿಲ್ಲ. ಆಕೆ ಅರ್ಹಳು ಎಂದಾಯಿತು. ಮೂಲ ಷರತ್ತಿನ ಪ್ರಕಾರ ಆಕೆ ಅರ್ಹಳಲ್ಲ. ಇಲ್ಲ ಎನ್ನುವ ಮಾತನ್ನು ಉಂಟು ಎನ್ನುವ ಮಾತಾಗಿ ತಿರುಗಿಸುವಾಗ "ಅಥವಾ" ಇದ್ದ ಕಡೆ "ಇಬ್ಬರೂ" ಬರಬೇಕು: "ನೀವೂ ನಿಮ್ಮ ಪತಿಯೂ, ಇಬ್ಬರೂ ತೆರಿಗೆ ಕಟ್ಟುವವರಲ್ಲದಿದ್ದರೆ."

ಇನ್ನೊಂದು ತಪ್ಪು ಇದಕ್ಕಿಂತ ಮೆಲ್ಲಗೆ ಒಳಗೆ ಬರುತ್ತದೆ. "ನೀವು ಮತ್ತು ನಿಮ್ಮ ಪತಿ ತೆರಿಗೆ ಕಟ್ಟುತ್ತಿದ್ದರೆ ಸಿಗುವುದಿಲ್ಲ." ಇದನ್ನು ಓದಿದವರು ಇಬ್ಬರೂ ಕಟ್ಟುತ್ತಿದ್ದರೆ ಮಾತ್ರ ಸಿಗುವುದಿಲ್ಲ ಎಂದುಕೊಳ್ಳಬಹುದು. ಮೂರನೆಯದು: "ನಿಮ್ಮ ಮನೆಯಲ್ಲಿ ಯಾರಾದರೂ ತೆರಿಗೆ ಕಟ್ಟುತ್ತಿದ್ದರೆ ಸಿಗುವುದಿಲ್ಲ." ಇದು ಷರತ್ತನ್ನು ಹಿಗ್ಗಿಸಿತು. ಷರತ್ತಿನಲ್ಲಿ ಇರುವುದು ಯಜಮಾನಿ ಮತ್ತು ಪತಿ. ಮಗನ ಹೆಸರಿಲ್ಲ. ಮಗ ತೆರಿಗೆ ಕಟ್ಟುತ್ತಿರುವ ಮನೆಯ ತಾಯಿ ಈ ಪೋಸ್ಟರ್ ನೋಡಿ ಅರ್ಜಿಯನ್ನೇ ಹಾಕದೆ ಸುಮ್ಮನಾಗಬಹುದು. ಮಗ ತೆರಿಗೆ ಕಟ್ಟಿದರೆ ತಾಯಿ ಅರ್ಹಳೇ ಎಂಬುದು 2023ರಲ್ಲಿ ಯೋಜನೆ ಶುರುವಾದಾಗ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಯೂ ಆಗಿತ್ತು.

ನಮ್ಮ ಮಾದರಿ ವಾಕ್ಯದ ಮೊದಲ ಸಾಲಿನಲ್ಲಿ "ಹಾಗೂ" ಇದೆ, ಗಮನಿಸಿದ್ದೀರಾ? "ಅಂತ್ಯೋದಯ, ಬಿ.ಪಿ.ಎಲ್. ಹಾಗೂ ಎ.ಪಿ.ಎಲ್." ಅಲ್ಲಿ "ಹಾಗೂ" ಎಂದರೆ ಮೂರೂ ಕಾರ್ಡ್ ಇರಬೇಕು ಎಂದಲ್ಲ. ಒಂದು ಮನೆಗೆ ಮೂರೂ ಇರಲು ಸಾಧ್ಯವೇ ಇಲ್ಲ. ಮೂರರಲ್ಲಿ ಯಾವುದಿದ್ದರೂ ಸರಿ ಎಂದರ್ಥ. ಕಚೇರಿ ಕನ್ನಡದಲ್ಲಿ "ಹಾಗೂ" ಕೆಲವೊಮ್ಮೆ ಕೂಡಿಸುತ್ತದೆ, ಕೆಲವೊಮ್ಮೆ ಆಯ್ಕೆ ಕೊಡುತ್ತದೆ. ಹೀಗಾಗಿ ಪದಕ್ಕೆ ಪದ ಬದಲಾಯಿಸುತ್ತ ಹೋದರೆ ಕೆಲಸ ಕೆಡುತ್ತದೆ. ಆಡುಮಾತಿನಲ್ಲಿ ಇದಕ್ಕೆ ಒಳ್ಳೆಯ ಉಪಾಯಗಳಿವೆ. "ಯಾವುದಾದರೂ ಒಂದು", "ಮೂರೂ", "ಇಬ್ಬರಲ್ಲಿ ಒಬ್ಬರಾದರೂ", "ಇಬ್ಬರೂ". ಇವುಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಈ ಒಂದು ವಿಷಯದಲ್ಲಿ ಜನರ ಕನ್ನಡವೇ ಕಚೇರಿ ಕನ್ನಡಕ್ಕಿಂತ ಬಿಗಿ.

ಕಟ್ಟುವವರು ಬೇರೆ, ಸಲ್ಲಿಸುವವರು ಬೇರೆ

ಷರತ್ತಿನಲ್ಲಿ ಎರಡು ತೆರಿಗೆಗಳಿವೆ. ಎರಡಕ್ಕೂ ಬಳಸಿರುವ ಮಾತು ಬೇರೆ ಬೇರೆ. ಆದಾಯ ತೆರಿಗೆಗೆ "ಪಾವತಿದಾರ", ಜಿಎಸ್‌ಟಿಗೆ "ರಿಟರ್ನ್ಸ್ ಸಲ್ಲಿಸುವವರು". ರಿಟರ್ನ್ ಎಂದರೆ ತೆರಿಗೆ ಇಲಾಖೆಗೆ ಕೊಡುವ ಲೆಕ್ಕದ ವಿವರ. ಸರಳ ಮಾಡುವವರು ಈ ಎರಡು ತೆರಿಗೆಗಳನ್ನೂ ಒಟ್ಟಿಗೆ ಕಟ್ಟಿ "ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟುವವರಿಗೆ ಇಲ್ಲ" ಎನ್ನುತ್ತಾರೆ. ಹೀಗೆಂದಾಗ ಏನಾಗುತ್ತದೆ ನೋಡಿ.

ಗಂಡನಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಸಂಬಳ ಎಂದುಕೊಳ್ಳೋಣ. 2023-24ರಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲದ ಮೂಲ ಮಿತಿ 3 ಲಕ್ಷ ಇತ್ತು. ಆದಾಯ ಅದನ್ನು ಮೀರಿದ್ದರಿಂದ ರಿಟರ್ನ್ ಸಲ್ಲಿಸಲೇಬೇಕಿತ್ತು. ಆದರೆ ಆದಾಯ ತೆರಿಗೆ ಕಾಯ್ದೆಯ 87ಎ ಸೆಕ್ಷನ್ನಿನ ರಿಯಾಯಿತಿಯಿಂದ 7 ಲಕ್ಷದವರೆಗೆ ಕಟ್ಟಬೇಕಾದ ತೆರಿಗೆ ಸೊನ್ನೆಯಾಗಿತ್ತು. ಆತ ರಿಟರ್ನ್ ಸಲ್ಲಿಸಿದ್ದಾನೆ, ತೆರಿಗೆ ಕಟ್ಟಿಲ್ಲ. ಬ್ಯಾಂಕ್ ಸಾಲಕ್ಕೆ ಬೇಕೆಂದು ಸೊನ್ನೆ ತೆರಿಗೆಯ ರಿಟರ್ನ್ ಸಲ್ಲಿಸುವವರೂ ಇದ್ದಾರೆ. "ಪಾವತಿದಾರ" ಎಂಬ ಪದವನ್ನು ಇದ್ದಂತೆಯೇ ಓದಿದರೆ ಇವರಾರೂ ಅದರಲ್ಲಿ ಬರುವುದಿಲ್ಲ.

ಜಿಎಸ್‌ಟಿಯಲ್ಲಿ ಲೆಕ್ಕ ತಿರುಗುಮುರುಗು. ಒಮ್ಮೆ ನೋಂದಣಿ ಮಾಡಿಸಿದರೆ ವ್ಯಾಪಾರ ನಡೆಯದ ಅವಧಿಗೂ ಸೊನ್ನೆ ರಿಟರ್ನ್ ಹಾಕಲೇಬೇಕು. ಆನ್‌ಲೈನಲ್ಲಿ ಮಾರಲೆಂದು ಗಂಡ ಒಂದು ನೋಂದಣಿ ಮಾಡಿಸಿದ್ದ, ವ್ಯಾಪಾರ ಕೈಹತ್ತಲಿಲ್ಲ, ನೋಂದಣಿ ರದ್ದು ಮಾಡಿಸಲಿಲ್ಲ, ಲೆಕ್ಕಪತ್ರದವರು ಸೊನ್ನೆ ರಿಟರ್ನ್ ಹಾಕುತ್ತಲೇ ಇದ್ದಾರೆ. ಆತ ಒಂದು ರೂಪಾಯಿ ಜಿಎಸ್‌ಟಿ ಕಟ್ಟಿಲ್ಲ. ಆದರೂ "ರಿಟರ್ನ್ಸ್ ಸಲ್ಲಿಸುವವರು" ಎಂಬ ಮಾತಿನೊಳಗೆ ಬಂದುಬಿಟ್ಟ. "ನಾವು ಯಾವ ತೆರಿಗೆಯನ್ನೂ ಕಟ್ಟಿಲ್ಲ" ಎಂಬ ಹೆಂಡತಿಯ ಮಾತು ನಿಜ, ಪಟ್ಟಿಯಲ್ಲಿ ಹೆಸರಿದೆ ಎಂಬುದೂ ನಿಜ.

ಇದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲ ಎಂದೇ ಅನಿಸುತ್ತದೆ. ಆದರೆ ಸರಳ ಮಾಡುವವರು ಅದನ್ನು ಸರಿಪಡಿಸಲು ಹೋಗಬಾರದು. ಆದಾಯ ತೆರಿಗೆಗೆ "ಕಟ್ಟುವವರು", ಜಿಎಸ್‌ಟಿಗೆ "ರಿಟರ್ನ್ ಸಲ್ಲಿಸುವವರು" ಎಂಬ ವ್ಯತ್ಯಾಸ ಸರಳ ಪಠ್ಯದಲ್ಲೂ ಹಾಗೇ ಉಳಿಯಬೇಕು. ಬೇಕಾದರೆ "ತೆರಿಗೆ ಸೊನ್ನೆ ಇದ್ದರೂ" ಎಂಬ ವಿವರಣೆ ಸೇರಿಸಬಹುದು. ಆದರೆ ಅದಕ್ಕೂ ಮೊದಲು ಇಲಾಖೆ ಹೌದೆನ್ನಬೇಕು.

ಬೇಕು, ಬಾರದು, ಬಹುದು

ಕಚೇರಿ ಕನ್ನಡದ ಗುರುತೇ "ತಕ್ಕದ್ದು". ಇದು ಕಡ್ಡಾಯವನ್ನು ಹೇಳುತ್ತದೆ. ಇದರ ಜಾಗದಲ್ಲಿ "ಬೇಕು" ಹಾಕಿದರೆ ಅರ್ಥ ಎಲ್ಲೂ ಸೋರುವುದಿಲ್ಲ: "ಸಲ್ಲಿಸತಕ್ಕದ್ದು" ಎಂಬುದು "ಸಲ್ಲಿಸಬೇಕು" ಆಗುತ್ತದೆ. ಆದರೆ ಕಣ್ಣುಮುಚ್ಚಿ ಮಾಡುವಂತಿಲ್ಲ. ಮಾದರಿಯಲ್ಲಿರುವ "ಅರ್ಹರಾಗಿರತಕ್ಕದ್ದಲ್ಲ" ಎಂಬುದನ್ನು ಹಾಗೇ ತಿರುಗಿಸಿದರೆ "ಅರ್ಹರಾಗಿರಬಾರದು" ಎಂದಾಗುತ್ತದೆ. ಅರ್ಹರಾಗಿರಬೇಡಿ ಎಂದು ಯಾರಿಗಾದರೂ ಆಜ್ಞೆ ಮಾಡಲು ಆಗುತ್ತದೆಯೇ? ಅಲ್ಲಿರುವುದು ನಿಷೇಧವಲ್ಲ, ಸ್ಥಿತಿ. "ಅರ್ಹರಲ್ಲ" ಎಂದರೆ ಸಾಕು.

"ಬಹುದು" ಇನ್ನೂ ಜಾರುವ ಪದ. "ಅಧಿಕಾರಿಯು ಅರ್ಜಿಯನ್ನು ತಿರಸ್ಕರಿಸಬಹುದು" ಎಂದರೆ ಕಾನೂನಿನಲ್ಲಿ ಆತನಿಗೆ ಆ ಅಧಿಕಾರ ಇದೆ, ಆದರೆ ಮಾಡಲೇಬೇಕೆಂದಿಲ್ಲ ಎಂದರ್ಥ. ಜನರ ಕಿವಿಗೆ ಅದು "ತಿರಸ್ಕಾರ ಆದರೂ ಆದೀತು" ಎಂಬ ಊಹೆಯಂತೆ ಕೇಳುತ್ತದೆ. "ತಿರಸ್ಕರಿಸುವ ಅಧಿಕಾರ ಅಧಿಕಾರಿಗೆ ಇದೆ" ಎಂದು ಬಿಡಿಸಿ ಬರೆದರೆ ವಾಕ್ಯ ಉದ್ದವಾಗುತ್ತದೆ, ಅರ್ಥ ಖಚಿತವಾಗುತ್ತದೆ. ಸರಳ ಎಂದರೆ ಚಿಕ್ಕದು ಎಂದುಕೊಂಡವರಿಗೆ ಇದು ಕಷ್ಟ.

ಇದೇ ಸಾಲಿನಲ್ಲಿ ಇನ್ನೊಂದು ಅಪಾಯ: "ಅರ್ಹಳು" ಎಂಬುದನ್ನು "ಸಿಗುತ್ತದೆ" ಎಂದು ಮಾಡುವುದು. ಅರ್ಹಳಾದವಳು ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಆಮೇಲೆ ಹಣ. "ಸಿಗುತ್ತದೆ" ಎಂದರೆ ಆದೇಶ ಕೊಡದ ಮಾತನ್ನು ಕೊಟ್ಟಂತೆ. "ಅರ್ಹ" ಎಂಬ ಪದ ಹಳ್ಳಿಯಲ್ಲೂ ಎಲ್ಲರಿಗೂ ಗೊತ್ತು, ಅಲ್ವಾ? ಅದನ್ನು ಹಾಗೇ ಬಿಡುವುದು ಜಾಣತನ.

ಹಾಗೆ ನೋಡಿದರೆ ಆಡಳಿತದ ಎಲ್ಲ ಪದವೂ ಜನರಿಗೆ ದೂರವಲ್ಲ. ಖಾತೆ, ಪಹಣಿ, ಪೌತಿ, ಜಮಾಬಂದಿ ಇವು ಕಂದಾಯ ಕಚೇರಿಯಿಂದಲೇ ಬಂದವು, ರೈತರ ಬಾಯಲ್ಲಿ ದಿನಾ ಓಡಾಡುತ್ತವೆ. "ಪೌತಿ ಖಾತೆ"ಯನ್ನು "ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ದಾಖಲೆ ಬದಲಾವಣೆ" ಎಂದು ಸರಳ ಮಾಡಿದರೆ ರೈತರು ನಗುತ್ತಾರೆ.

ಹೊಸ ಪಠ್ಯ ಹೇಗಿರಬಹುದು

ಇಷ್ಟನ್ನೆಲ್ಲ ಮನಸ್ಸಿನಲ್ಲಿಟ್ಟು ಬರೆದರೆ ಮಾದರಿ ವಾಕ್ಯ ಹೀಗಾಗುತ್ತದೆ:

> ಈ ಯೋಜನೆಯಲ್ಲಿ ಪ್ರತಿ ತಿಂಗಳು 2,000 ರೂಪಾಯಿ ಪಡೆಯಲು ಕುಟುಂಬದ ಯಜಮಾನಿ ಅರ್ಹರು. ಅಂತ್ಯೋದಯ, ಬಿಪಿಎಲ್, ಎಪಿಎಲ್ ಈ ಮೂರರಲ್ಲಿ ಯಾವುದಾದರೂ ಒಂದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಅವರ ಹೆಸರಿರಬೇಕು.
>
> ಈ ಕೆಳಗಿನ ನಾಲ್ಕರಲ್ಲಿ ಒಂದು ಅನ್ವಯಿಸಿದರೂ ಯಜಮಾನಿ ಅರ್ಹರಲ್ಲ:
> 1. ಯಜಮಾನಿ ಆದಾಯ ತೆರಿಗೆ ಪಾವತಿದಾರರು.
> 2. ಅವರ ಪತಿ ಆದಾಯ ತೆರಿಗೆ ಪಾವತಿದಾರರು.
> 3. ಯಜಮಾನಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು.
> 4. ಅವರ ಪತಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು.
>
> ಒಂದು ಕುಟುಂಬದಲ್ಲಿ ಒಂದಕ್ಕಿಂತ ಹೆಚ್ಚು ಮಹಿಳೆಯರಿದ್ದರೂ ಈ ಹಣ ಒಬ್ಬರಿಗೆ ಮಾತ್ರ.

ಎರಡು "ಅಥವಾ"ಗಳು ಸೇರಿ ನಾಲ್ಕು ಸಾಧ್ಯತೆಗಳಾಗಿದ್ದವು, ಮೂಲದಲ್ಲಿ ಅವು ಮಡಚಿಕೊಂಡಿದ್ದವು. ಇಲ್ಲಿ ಬಿಚ್ಚಿಟ್ಟಿದೆ, ಅಷ್ಟೇ. "ಪಾವತಿದಾರರು" ಎಂಬ ಪದವನ್ನು ಬೇಕೆಂದೇ ಬದಲಾಯಿಸಿಲ್ಲ. ಯಾಕೆಂದರೆ ಅದರಲ್ಲೇ ಒಂದು ತೂತಿದೆ.

ಸರಳ ಮಾಡಿದಾಗ ಕಾಣುವ ತೂತು

"ಪಾವತಿದಾರರಾಗಿದ್ದಲ್ಲಿ" ಎಂದರೆ ಯಾವ ವರ್ಷ? ಹೋದ ವರ್ಷ ಕಟ್ಟಿದವರೇ, ಮೂರು ವರ್ಷದ ಹಿಂದೆ ಕೆಲಸದಲ್ಲಿದ್ದಾಗ ಕಟ್ಟಿ ಈಗ ನಿವೃತ್ತರಾದವರೂ ಬರುತ್ತಾರೆಯೇ? ಠೇವಣಿ ಬಡ್ಡಿಯಲ್ಲಿ ಬ್ಯಾಂಕು ಟಿಡಿಎಸ್, ಅಂದರೆ ಮೊದಲೇ ಕಡಿದುಕೊಳ್ಳುವ ತೆರಿಗೆ, ಹಿಡಿದು, ಆಮೇಲೆ ಆದಾಯ ತೆರಿಗೆ ಇಲಾಖೆ ಅದನ್ನು ವಾಪಸ್ ಕೊಟ್ಟಿದ್ದರೆ ಆಕೆ ಪಾವತಿದಾರಳೇ? ನಮ್ಮ ಮಾದರಿ ವಾಕ್ಯ ಇದಕ್ಕೆ ಉತ್ತರ ಕೊಡುವುದಿಲ್ಲ. ಉದ್ದ ವಾಕ್ಯದ ಗದ್ದಲದಲ್ಲಿ ಈ ಪ್ರಶ್ನೆಯೇ ಕಾಣುತ್ತಿರಲಿಲ್ಲ. ನಾಲ್ಕು ಚಿಕ್ಕ ಸಾಲು ಮಾಡಿದ ಕೂಡಲೇ ಎದ್ದು ಕಂಡಿತು.

ಇಲ್ಲಿ ಸರಳ ಮಾಡುವವರಿಗೆ ಒಂದು ಆಸೆ ಹುಟ್ಟುತ್ತದೆ: "ಕಳೆದ ಹಣಕಾಸು ವರ್ಷದಲ್ಲಿ" ಎಂದು ಮೂರು ಪದ ಸೇರಿಸಿದರೆ ಎಷ್ಟು ಸ್ಪಷ್ಟ! ಆದರೆ ಆ ಪದಗಳು ಫಲಾನುಭವಿಗಳ ಸಂಖ್ಯೆಯನ್ನು ಬದಲಾಯಿಸುತ್ತವೆ, ಖರ್ಚನ್ನು ಬದಲಾಯಿಸುತ್ತವೆ. ಅದು ಭಾಷೆಯ ಕೆಲಸವಲ್ಲ, ನೀತಿಯ ತೀರ್ಮಾನ. ಮಾಡಬೇಕಾದದ್ದು ಪ್ರಶ್ನೆಯನ್ನು ಬರೆದು ಕಡತವನ್ನು ಇಲಾಖೆಗೆ ಹಿಂದಕ್ಕೆ ಕಳಿಸುವುದು. ಬೆರಳಚ್ಚಿನ ತಪ್ಪಾದರೆ ತಿದ್ದೋಲೆ ಸಾಕು. ಅರ್ಥವೇ ಬದಲಾಗುವುದಾದರೆ ತಿದ್ದುಪಡಿ ಆದೇಶವೇ ಬೇಕು, ಹಣದ ವಿಷಯವಾದ್ದರಿಂದ ಆರ್ಥಿಕ ಇಲಾಖೆಯ ಒಪ್ಪಿಗೆಯೂ ಬೇಕು.

ತೂತು ಹಾಗೇ ಉಳಿದರೆ ಅದನ್ನು ಯಾರೋ ಒಬ್ಬರು ತುಂಬಿಯೇ ತುಂಬುತ್ತಾರೆ. ಲಕ್ಷಾಂತರ ಹೆಸರುಗಳನ್ನು ತೆರಿಗೆ ಪಟ್ಟಿಯ ಜೊತೆ ಹೋಲಿಸುವುದು ಕಂಪ್ಯೂಟರ್. ಅದಕ್ಕೆ ಷರತ್ತನ್ನು ಹೇಳಿಕೊಡುವವರು "ಪಾವತಿದಾರ" ಎಂದರೆ ರಿಟರ್ನ್ ಸಲ್ಲಿಸಿದವನು ಎಂದು ತಿಳಿದುಬಿಟ್ಟರೆ, ಯಾವ ತಿದ್ದುಪಡಿ ಆದೇಶವೂ ಇಲ್ಲದೆ ಷರತ್ತು ಬದಲಾಗಿಹೋಯಿತು. 5 ಲಕ್ಷ ಸಂಬಳದ, ಸೊನ್ನೆ ತೆರಿಗೆಯ ಗಂಡನ ಹೆಂಡತಿ ಹೊರಗೆ. ಆದೇಶವನ್ನು ಮೊದಲು ಸರಳ ಮಾಡುವವರು ಭಾಷೆ ಬಲ್ಲವರಲ್ಲ, ಸಾಫ್ಟ್‌ವೇರ್ ಬರೆಯುವವರು ಎಂಬುದನ್ನು ನಾವು ಮರೆಯುತ್ತೇವೆ.

ಎರಡು ಕಡೆಯ ವಾದ

ಹಳೆಯ ಶೈಲಿ ಇರಲಿ ಎನ್ನುವ ಅಧಿಕಾರಿಗಳ ವಾದ ಪೂರ್ತಿ ಹಟವಲ್ಲ. ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಿದರೆ ಅದು ತನ್ನ ಮಾತುಗಳ ಮೇಲೇ ನಿಲ್ಲಬೇಕು. ಸಾರ್ವಜನಿಕ ಆದೇಶವನ್ನು ಅದರಲ್ಲಿ ಬಳಸಿರುವ ಭಾಷೆಯಿಂದಲೇ ಅರ್ಥ ಮಾಡಬೇಕು, ಹೊರಡಿಸಿದ ಅಧಿಕಾರಿ ಆಮೇಲೆ ಕೊಡುವ ವಿವರಣೆಯಿಂದಲ್ಲ ಎಂದು ಸುಪ್ರೀಂ ಕೋರ್ಟ್ 1951ರಲ್ಲೇ ಗೋರ್ಧನದಾಸ್ ಭಾಂಜಿ ಪ್ರಕರಣದಲ್ಲಿ ಹೇಳಿತು. 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದು, ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಕೋರ್ಟಿಗೆ ಕೊಡುವ ಅಫಿಡವಿಟ್‌ನಲ್ಲಿ ಸೇರಿಸುವಂತಿಲ್ಲ ಎಂದಿತು. ಹೀಗಿರುವಾಗ ಬಳಸಿ ಬಳಸಿ ಅರ್ಥ ಗಟ್ಟಿಯಾದ ಪದ ಬಿಟ್ಟು ಹೊಸದನ್ನು ಯಾಕೆ ಹಿಡಿಯಬೇಕು ಎಂದು ಅವರ ಪ್ರಶ್ನೆ.

ಆದರೆ ಇದೇ ತೀರ್ಪುಗಳನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಆಮೇಲೆ ವಿವರಣೆ ಕೊಟ್ಟು ಸರಿಪಡಿಸಲು ಆಗುವುದಿಲ್ಲ ಎಂದಾದರೆ ಮೊದಲೇ ಸ್ಪಷ್ಟವಾಗಿ ಬರೆಯುವುದು ಸರ್ಕಾರಕ್ಕೇ ಒಳ್ಳೆಯದು. "ಸದರಿ", "ಮಾಹೆಯಾನ" ಇಲ್ಲದ ಕಾರಣಕ್ಕೆ ಯಾವ ಆದೇಶವೂ ಬಿದ್ದುಹೋಗುವುದಿಲ್ಲ. "ಅಥವಾ" ತಪ್ಪಿದರೆ ಬೀಳಬಹುದು. ಇನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಕಚೇರಿಗಳು ತಾವಾಗಿಯೇ ಪ್ರಕಟಿಸುವ ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನೂ ಜನರನ್ನು ಚೆನ್ನಾಗಿ ತಲುಪುವ ದಾರಿಯನ್ನೂ ಗಮನಿಸಬೇಕು ಎನ್ನುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಗೃಹಲಕ್ಷ್ಮಿಯಂಥ ಯೋಜನೆಯ ಆದೇಶ ಸರ್ಕಾರದ ಆಡಳಿತ ಅಧಿಕಾರದಿಂದ ಹೊರಟದ್ದು. ಅದರ ಕನ್ನಡ ಪಠ್ಯವೇ ಮೂಲ. ಕಾಯ್ದೆಯೊಂದರ ಕೆಳಗೆ ಹೊರಡುವ ನಿಯಮ, ಆದೇಶಗಳದ್ದು ಬೇರೆ ಕಥೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಅಲ್ಲಿ ಅಧಿಕೃತ ಪಠ್ಯ ಇಂಗ್ಲಿಷಿನದು. ರಾಜ್ಯದ ಭಾಷೆಯಲ್ಲಿ ಹೊರಡಿಸಿದರೂ, ರಾಜ್ಯಪಾಲರ ಅಧಿಕಾರದಿಂದ ರಾಜ್ಯಪತ್ರದಲ್ಲಿ ಬರುವ ಇಂಗ್ಲಿಷ್ ಅನುವಾದವೇ ಇಂಗ್ಲಿಷಿನ ಅಧಿಕೃತ ಪಠ್ಯವಾಗುತ್ತದೆ. ಅಂಥವನ್ನು ಸರಳ ಮಾಡುವಾಗ ಕನ್ನಡವನ್ನು ಕನ್ನಡದ ಜೊತೆ ಹೋಲಿಸಿ ಮುಗಿಸುವಂತಿಲ್ಲ. ಇಂಗ್ಲಿಷನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕು.

ಸರಳ ಪಠ್ಯವನ್ನು ಎಲ್ಲಿಡುವುದು

ಸುಲಭದ ದಾರಿ ಎಂದರೆ ಆದೇಶವನ್ನು ಹಾಗೇ ಬಿಟ್ಟು, ಜೊತೆಗೊಂದು ಸರಳ ವಿವರಣೆ ಹಾಳೆ ಹೊರಡಿಸುವುದು. ಕೆಳಗೆ "ಗೊಂದಲವಾದರೆ ಮೂಲ ಆದೇಶವೇ ಅಂತಿಮ" ಎಂಬ ಸಾಲು. ಇದರಲ್ಲಿ ಸರ್ಕಾರಕ್ಕೆ ಅಪಾಯವಿಲ್ಲ, ಓದುಗರಿಗಿದೆ. ಹಾಳೆಯನ್ನು ನಂಬಿ ಅರ್ಜಿ ಹಾಕದೆ ಉಳಿದವರಿಗೆ ಆ ಸಾಲು ಏನು ಹೇಳುತ್ತದೆ? ನಿಮಗೆ ಅರ್ಥವಾಗದ್ದನ್ನೇ ನೀವು ಓದಬೇಕಿತ್ತು ಎಂದು. ಮೇಲಾಗಿ ಆದೇಶಕ್ಕೆ ತಿದ್ದುಪಡಿ ಬಂದಾಗ ಹಾಳೆಯನ್ನು ತಿದ್ದುವವರು ಯಾರೂ ಇರುವುದಿಲ್ಲ.

ಅದಕ್ಕಿಂತ ಮೇಲಿನ ದಾರಿ, ಆದೇಶದ ಷರತ್ತಿನ ಭಾಗವನ್ನೇ ಸರಳವಾಗಿ ಬರೆಯುವುದು. ಚೌಕಟ್ಟು ಹಳೆಯದೇ ಇರಲಿ, ನಡುವಿನ ಅರ್ಧ ಪುಟ ಹೊಸದಾಗಲಿ. ಒಂದೇ ಪಠ್ಯ, ಒಂದೇ ಸಹಿ. ಈಗಾಗಲೇ ಹೊರಟಿರುವ ಆದೇಶವಾದರೆ ಸರಳ ಪಠ್ಯವನ್ನು ಅನುಬಂಧವಾಗಿ, ಸಹಿ ಮಾಡುವ ಅಧಿಕಾರಿಯ ಒಪ್ಪಿಗೆಯಿಂದಲೇ ಹೊರಡಿಸಬೇಕು. ಪ್ರಚಾರ ವಿಭಾಗಕ್ಕೆ ಬಿಡುವ ಕೆಲಸ ಇದಲ್ಲ.

ಸಹಿ ಬೀಳುವ ಮುಂಚೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಕೆಲವು ಮನೆಗಳನ್ನು ಕಲ್ಪಿಸಿಕೊಳ್ಳಿ. ಮಗ ತೆರಿಗೆ ಕಟ್ಟುವ ವಿಧವೆ ತಾಯಿ. ಸೊನ್ನೆ ಜಿಎಸ್‌ಟಿ ರಿಟರ್ನ್ ಹಾಕುವ ಗಂಡ. ಸೊನ್ನೆ ಆದಾಯ ತೆರಿಗೆಯ ಸಂಬಳದವನು. ಒಂದೇ ಕಾರ್ಡಿನಲ್ಲಿ ಅತ್ತೆ ಮತ್ತು ಇಬ್ಬರು ಸೊಸೆಯರು. ಟಿಡಿಎಸ್ ವಾಪಸ್ ಬಂದ ನಿವೃತ್ತ ಶಿಕ್ಷಕಿ. ಮೂಲ ಆದೇಶವನ್ನು ಇಲಾಖೆಯ ಅನುಭವಿ ಮೇಲ್ವಿಚಾರಕರಿಗೆ ಕೊಡಿ, ಸರಳ ಪಠ್ಯವನ್ನು ಅದನ್ನು ಮೊದಲ ಸಲ ನೋಡುವ ಅಂಗನವಾಡಿ ಕಾರ್ಯಕರ್ತೆಗೆ ಕೊಡಿ. ಪ್ರತಿ ಮನೆಗೂ ಅರ್ಹ ಅಥವಾ ಅರ್ಹರಲ್ಲ ಎಂದು ಇಬ್ಬರೂ ಬೇರೆ ಬೇರೆ ಕೂತು ಬರೆಯಲಿ. ಉತ್ತರ ಬೇರೆ ಬಂದ ಕಡೆ ಸರಳ ಪಠ್ಯ ತಪ್ಪಿರಬಹುದು, ಅದನ್ನು ತಿದ್ದಬೇಕು. ನಿವೃತ್ತ ಶಿಕ್ಷಕಿಯ ಮುಂದೆ ಮೇಲ್ವಿಚಾರಕರೇ ಪೆನ್ನು ಕೆಳಗಿಟ್ಟು ಯೋಚಿಸತೊಡಗಿದರೆ, ತಿದ್ದಬೇಕಾದದ್ದು ಮೂಲ ಆದೇಶವನ್ನು.